ಬೆಲೆಪಟ್ಟಿಯ ಮೇಲೊಂದು ಪುಟ

1944ರಲ್ಲಿ ಮಡಿಕೇರಿಯ ಮೊರ್ವೆನ್ ಲಾಡ್ಜ್ ಎಂಬ ಆಸ್ತಿಯ ಮಾರಾಟದ ಮಾತು ನಡೆದಿತ್ತು. ಮಾಲೀಕರು ಊರಲ್ಲಿರಲಿಲ್ಲ. ಕೊಳ್ಳಬೇಕೆಂದವರು ತಮ್ಮ ಬೆಲೆಯನ್ನು ತಿಳಿಸಿದರು. ಹತ್ತು ಸಾವಿರ ರೂಪಾಯಿಗಿಂತ ಕಡಿಮೆಯಾದರೆ ಒಪ್ಪುವುದಿಲ್ಲ ಎಂದು ಮಾಲೀಕರಿಂದ ತಂತಿ ಬಂತು. ಸರಿ, ಹತ್ತು ಸಾವಿರವೇ ಆಗಲಿ ಎಂದರು ಇವರು. ವ್ಯಾಪಾರ ಕುದುರಿತು ಎಂದೇ ಅವರ ನಂಬಿಕೆ. ಆದರೆ ಆಸ್ತಿ ಇನ್ನೊಬ್ಬರ ಪಾಲಾಯಿತು, ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1951ರಲ್ಲಿ ಬಂದ ತೀರ್ಪಿನ ತಿರುಳು ಇಷ್ಟು: ಇಷ್ಟಕ್ಕಿಂತ ಕಡಿಮೆಗೆ ಕೊಡೆನು ಎಂದ ಮಾತ್ರಕ್ಕೆ ಇಷ್ಟಕ್ಕೆ ಕೊಡುತ್ತೇನೆ ಎಂದಂತಾಗುವುದಿಲ್ಲ. ಮಾಲೀಕರು ಬೆಲೆಯ ಸುಳಿವು ಕೊಟ್ಟಿದ್ದರು, ಅಷ್ಟೆ. ಒಪ್ಪಿಕೊಳ್ಳುವುದಕ್ಕೆ ಅಲ್ಲಿ ಪ್ರಸ್ತಾವವೇ ಇರಲಿಲ್ಲ.

ಇವತ್ತು ಕೊಟೇಶನ್ ಕಳಿಸುವ ಸಣ್ಣ ಉದ್ದಿಮೆದಾರರಲ್ಲಿ ಬಹಳ ಮಂದಿ ಆ ತಂತಿಯಂಥದ್ದನ್ನೇ ಕಳಿಸುತ್ತಾರೆ. ವಾಟ್ಸಾಪಿನಲ್ಲಿ ಒಂದು ಎಕ್ಸೆಲ್ ಶೀಟು, ಅದರಲ್ಲಿ ಸಾಮಾನಿನ ಹೆಸರು, ಸಂಖ್ಯೆ, ದರ, ಮೊತ್ತ. ಮೇಲೆ ‘ಕೊಟೇಶನ್ ಲಗತ್ತಿಸಿದೆ, ದಯವಿಟ್ಟು ಪರಿಶೀಲಿಸಿ’ ಎಂಬ ಒಂದು ಸಾಲು. ಎಷ್ಟು ದುಡ್ಡು ಎಂಬುದೊಂದು ಇದರಿಂದ ಗೊತ್ತಾಗುತ್ತದೆ. ಆ ದುಡ್ಡಿಗೆ ಏನೇನು ಬರುತ್ತದೆ, ಈ ದರ ಯಾವತ್ತಿನವರೆಗೆ, ಹಣ ಯಾವಾಗ ಕೈಗೆ ಸೇರಬೇಕು ಎಂಬ ಮೂರೂ ಗಾಳಿಯಲ್ಲಿರುತ್ತವೆ. ಕೊಟೇಶನ್ನಿನ ಜೊತೆಗಿಡುವ ಒಂದು ಪುಟದ ಪತ್ರಕ್ಕಿರುವುದು ಈ ಮೂರನ್ನು ನೆಲಕ್ಕಿಳಿಸುವ ಕೆಲಸ. ಸಂಸ್ಥೆಯ ಇಪ್ಪತ್ತೈದು ವರ್ಷದ ಹಿರಿಮೆ, ಗುಣಮಟ್ಟದ ಬದ್ಧತೆ, ಸೇವೆಗೆ ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆ ಇವೆಲ್ಲ ಆ ಪುಟದ ಜಾಗ ತಿನ್ನುತ್ತವೆಯೇ ಹೊರತು ಮುಂದೆ ತಕರಾರು ಎದ್ದಾಗ ಯಾರನ್ನೂ ಕಾಯುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಹುಬ್ಬಳ್ಳಿಯಲ್ಲಿ ಶಾಲಾ ಪೀಠೋಪಕರಣ ಮಾಡುವ ಒಂದು ಸಣ್ಣ ವರ್ಕ್‌ಶಾಪ್. ಹಾವೇರಿಯ ಒಂದು ಖಾಸಗಿ ಪ್ರೌಢಶಾಲೆಗೆ ಇಬ್ಬರು ಮಕ್ಕಳು ಕೂರುವ 120 ಡೆಸ್ಕುಗಳು ಬೇಕು. ಡೆಸ್ಕಿಗೆ ₹4,200ರಂತೆ ₹5,04,000, ಅದರ ಮೇಲೆ ಶೇ. 18 ಜಿಎಸ್‌ಟಿ ₹90,720, ಒಟ್ಟು ₹5,94,720. ಲೆಕ್ಕ ಇಲ್ಲಿಗೆ ಮುಗಿಯಿತು. ತಕರಾರು ಶುರುವಾಗುವುದು ಇಲ್ಲಿಂದಲೇ.

ಮೊದಲನೆಯದು ಕೆಲಸದ ಎಲ್ಲೆ. ‘120 ಡೆಸ್ಕ್, ಸರಬರಾಜು ಸೇರಿ’ ಎಂದು ಬರೆದಿದ್ದರೆ ಲಾರಿ ಶಾಲೆಯ ಗೇಟಿಗೆ ಬಂದ ದಿನ ಫೋನು ಬರುತ್ತದೆ: ‘ಸರ, ಲಾರಿ ಬಂದೈತಿ, ಇಳಸಾವ್ರು ಯಾರು?’ ಹಮಾಲಿ ನಮ್ಮದಲ್ಲ ಎನ್ನುತ್ತಾರೆ ವರ್ಕ್‌ಶಾಪಿನವರು. ಸರಬರಾಜು ಅಂದರೆ ತರಗತಿಗೆ ತಂದು ಕೂರಿಸುವುದು ಎನ್ನುತ್ತಾರೆ ಶಾಲೆಯವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆರು ಕೊಠಡಿ ಮೊದಲ ಮಹಡಿಯಲ್ಲಿದ್ದರೆ ಮೆಟ್ಟಿಲು ಹತ್ತಿಸುವ ಕೂಲಿಯೇ ಲಾಭದ ಒಂದು ಪಾಲನ್ನು ನುಂಗಬಹುದು. ಹಳೆಯ ಬೆಂಚುಗಳನ್ನು ಹೊರಗೆ ಹಾಕುವವರು ಯಾರು, ಕಾಲಿಗೆ ರಬ್ಬರ್ ಬುಷ್ ಉಂಟೋ ಇಲ್ಲವೋ, ಕೊಠಡಿಗೆ ಬಣ್ಣ ಹೊಡೆಯುವುದು ಮುಗಿಯದೆ ಶಾಲೆ ಮಾಲು ತಗೊಳ್ಳುವುದನ್ನೇ ಮುಂದೂಡಿದರೆ ವರ್ಕ್‌ಶಾಪಿನಲ್ಲಿ 120 ಡೆಸ್ಕು ಎಲ್ಲಿ ಪೇರಿಸಿಡುವುದು? ಒಂದೊಂದೂ ಸಣ್ಣ ಪ್ರಶ್ನೆ, ಒಂದೊಂದಕ್ಕೂ ದುಡ್ಡು ಬೇಕು.

ಸಾಮಾನಿನ ವಿವರದಲ್ಲೂ ಇದೇ ಕಥೆ. ‘18 ಗೇಜ್ ಪೈಪು’ ಎಂದರೆ ಫ್ಯಾಬ್ರಿಕೇಶನ್‌ನವರಿಗೆ ಅರ್ಥವಾಗುತ್ತದೆ, ಶಾಲೆಯ ಕಾರ್ಯದರ್ಶಿಗೆ ಆಗುವುದಿಲ್ಲ. ಗೇಜಿನ ಅಂಕಿ ಕಡಿಮೆಯಾದಷ್ಟೂ ಪೈಪಿನ ದಪ್ಪ ಹೆಚ್ಚು. ಇನ್ನೊಬ್ಬ ವ್ಯಾಪಾರಿ ‘20 ಗೇಜ್’ ಎಂದು ಕಡಿಮೆ ದರ ಕೊಟ್ಟಾಗ, ಅಂಕಿ ದೊಡ್ಡದು, ದರ ಕಡಿಮೆ, ಅದೇ ವಾಸಿ ಎಂದು ಕಾರ್ಯದರ್ಶಿ ತಿಳಿದರೆ ತಪ್ಪೇನೂ ಇಲ್ಲ. ‘25 ಮಿ.ಮೀ. ಚೌಕ ಪೈಪು, ಗೋಡೆಯ ದಪ್ಪ 1.2 ಮಿ.ಮೀ.’ ಎಂದು ಬರೆದರೆ ಇಬ್ಬರಿಗೂ ಒಂದೇ ಅರ್ಥ. ಮೇಲ್ಹಲಗೆಗೂ ಹಾಗೆಯೇ. ‘18 ಮಿ.ಮೀ. ಬೋರ್ಡ್’ ಎಂದರೆ ಪ್ಲೈವುಡ್ಡೂ ಆಗಬಹುದು, ನೀರು ತಗುಲಿದರೆ ಉಬ್ಬುವ ಪಾರ್ಟಿಕಲ್ ಬೋರ್ಡೂ ಆಗಬಹುದು. ಯಾವುದೆಂದು ಹೆಸರು ಹೇಳಿದರೆ ಮಾತ್ರ ಶಾಲೆ ಎರಡು ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯ.

ಇಷ್ಟೆಲ್ಲವನ್ನೂ ಮೊದಲ ಪುಟದಲ್ಲಿ ತುಂಬಬೇಕಾಗಿಲ್ಲ. ಅಳತೆ, ಬಣ್ಣ, ಬೋಲ್ಟಿನ ವಿವರವೆಲ್ಲ ಹಿಂದಿನ ಪಟ್ಟಿಯಲ್ಲಿರಲಿ. ಬೆಲೆಯಲ್ಲಿ ಏನು ಸೇರಿದೆ ಎಂಬ ಒಂದು ವಾಕ್ಯ ಮತ್ತು ಏನು ಸೇರಿಲ್ಲ ಎಂಬ ಇನ್ನೊಂದು ವಾಕ್ಯ ಮಾತ್ರ ಪತ್ರದಲ್ಲೇ ಬರಬೇಕು. ಎರಡನೆಯದನ್ನು ಬರೆಯಲು ವ್ಯಾಪಾರಿಗಳು ಹಿಂಜರಿಯುತ್ತಾರೆ. ‘ಇದು ಇಲ್ಲ, ಅದು ಇಲ್ಲ’ ಎಂದು ಮೊದಲ ಪುಟದಲ್ಲೇ ಹೇಳಿದರೆ ಗಿರಾಕಿ ಓಡಿಹೋದಾನು ಎಂಬ ಭಯ ಅವರಿಗೆ. ಆದರೆ ಆ ವಾಕ್ಯ ಓದಿದ ಗಿರಾಕಿ ಸಾಮಾನ್ಯವಾಗಿ ಕೇಳುವುದು ‘ಮಹಡಿಗೆ ಹತ್ತಿಸಿಕೊಟ್ಟರೆ ಎಷ್ಟು?’ ಎಂದು. ಅಂದರೆ ತಕರಾರಾಗಿ ಬರಬೇಕಾಗಿದ್ದ ಕೆಲಸ ದುಡ್ಡಿನ ಕೆಲಸವಾಗಿ ಬರುತ್ತದೆ.

ಎರಡನೆಯದು ಅವಧಿ. ‘ಈ ದರ 15 ದಿನ ಮಾತ್ರ’ ಎಂಬ ಸಾಲು ಬಹುತೇಕ ಕೊಟೇಶನ್‌ಗಳ ಕೆಳಗೆ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಹದಿನೈದು ದಿನ ಯಾವತ್ತಿನಿಂದ? ಪತ್ರದ ಮೇಲಿನ ತಾರೀಖಿನಿಂದಲೋ, ಇಮೇಲ್ ಹೋದ ದಿನದಿಂದಲೋ, ಆಡಳಿತ ಮಂಡಳಿ ಅದನ್ನು ಸಭೆಯಲ್ಲಿ ತೆರೆದ ದಿನದಿಂದಲೋ? ದಿನದ ಲೆಕ್ಕ ಬಿಟ್ಟು ತಾರೀಖನ್ನೇ ಬರೆಯುವುದು ಸುಲಭ. ಅದರ ಜೊತೆಗೆ ಆ ತಾರೀಖಿನೊಳಗೆ ಆಗಬೇಕಾದದ್ದು ಏನು ಎಂಬುದೂ ಬೇಕು. ನಮ್ಮ ಕರಾರು ಕಾಯ್ದೆಯ ಪ್ರಕಾರ, ಅಂಚೆಯಲ್ಲಿ ಕಳಿಸಿದ ಒಪ್ಪಿಗೆ ಕಳಿಸಿದವರ ಕೈ ದಾಟಿದಾಗಲೇ ದರ ಕೊಟ್ಟವರನ್ನು ಕಟ್ಟಿಹಾಕುತ್ತದೆ, ಅವರಿಗೆ ತಲುಪಿದಾಗಲ್ಲ. ಹಾಗಾಗಿ ‘ಒಪ್ಪಬೇಕು’ ಎಂದು ಬರೆಯುವ ಬದಲು ‘ಆರ್ಡರೂ ಮುಂಗಡವೂ ನಮ್ಮ ಕೈಸೇರಬೇಕು’ ಎಂದು ಬರೆಯುವುದರಲ್ಲಿ ಅರ್ಥವಿದೆ.

ಅವಧಿಯನ್ನೇ ಬರೆಯದಿದ್ದರೆ ದರ ಶಾಶ್ವತವೇ? ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಗಡುವು ಹೇಳಿದ್ದರೆ ಅದು ಮುಗಿದಾಗ, ಹೇಳದಿದ್ದರೆ ‘ಸಮಂಜಸ ಕಾಲ’ ಕಳೆದಾಗ ಪ್ರಸ್ತಾವ ಬಿದ್ದುಹೋಗುತ್ತದೆ. ಈ ಸಮಂಜಸ ಕಾಲ ಎಷ್ಟೆಂದು ತೀರ್ಮಾನಿಸುವವರು ನ್ಯಾಯಾಧೀಶರು. ಇಂಗ್ಲೆಂಡಿನಲ್ಲಿ 1866ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆ ಈ ವಿಷಯದಲ್ಲಿ ಇಂದಿಗೂ ಪಾಠಪುಸ್ತಕಗಳಲ್ಲಿದೆ. ರ್‍ಯಾಮ್ಸ್‌ಗೇಟಿನ ವಿಕ್ಟೋರಿಯಾ ಹೋಟೆಲ್ ಕಂಪನಿಯ ಷೇರು ಕೊಳ್ಳುತ್ತೇನೆಂದು ಮಾಂಟಿಫಿಯೋರಿ ಎಂಬವರು ಜೂನ್‌ನಲ್ಲಿ ಅರ್ಜಿ ಹಾಕಿದ್ದರು. ಕಂಪನಿ ನವೆಂಬರ್‌ನಲ್ಲಿ ಷೇರು ಹಂಚಿ ಹಣ ಕೇಳಿತು. ಅಷ್ಟು ಹೊತ್ತಿಗೆ ಅವರಿಗೆ ಬೇಡವಾಗಿತ್ತು. ತೀರಾ ತಡವಾಯಿತು, ಪ್ರಸ್ತಾವ ಆಗಲೇ ಬಿದ್ದುಹೋಗಿದೆ ಎಂದಿತು ಕೋರ್ಟು. ಕಂಪನಿ ಷೇರಿನ ವಿಷಯದಲ್ಲಿ ಐದು ತಿಂಗಳು ಹೆಚ್ಚಾಯಿತು ಸರಿ, ಡೆಸ್ಕಿನ ವಿಷಯದಲ್ಲಿ ಆರು ವಾರ ಹೆಚ್ಚೋ ಕಡಿಮೆಯೋ? ಯಾರಿಗೂ ಮೊದಲೇ ಹೇಳಲು ಬರುವುದಿಲ್ಲ. ಕಬ್ಬಿಣದ ದರ ಏರುತ್ತಿರುವಾಗ ಈ ಅನುಮಾನದ ನಡುವೆ ಕೂರುವುದು ವರ್ಕ್‌ಶಾಪಿನ ಮಾಲೀಕರಿಗೆ ಕಷ್ಟ.

ಗಡುವಿನ ವಿಷಯದಲ್ಲಿ ಗಿರಾಕಿಗಳಿಗೂ ಒಂದು ತಪ್ಪು ನಂಬಿಕೆ ಇದೆ. 18ನೇ ತಾರೀಖಿನವರೆಗೆ ಎಂದು ಬರೆದುಕೊಟ್ಟ ಮೇಲೆ ಅದಕ್ಕೆ ಮೊದಲು ವ್ಯಾಪಾರಿ ಹಿಂದೆ ಸರಿಯುವ ಹಾಗಿಲ್ಲ ಎಂದು ಅವರು ತಿಳಿಯುತ್ತಾರೆ. ಅದೇ ಕಾಯ್ದೆಯ 5ನೇ ಸೆಕ್ಷನ್ ನೋಡಿದರೆ, ಒಪ್ಪಿಗೆ ಪೂರ್ತಿಯಾಗುವ ಮುನ್ನ ಯಾವಾಗ ಬೇಕಾದರೂ ಪ್ರಸ್ತಾವವನ್ನು ವಾಪಸು ಪಡೆಯಬಹುದು. ದರವನ್ನು ತೆರೆದಿಟ್ಟುಕೊಳ್ಳಲೆಂದು ಗಿರಾಕಿ ಏನಾದರೂ ಪ್ರತಿಫಲ ಕೊಟ್ಟಿದ್ದರೆ ಮಾತು ಬೇರೆ. ಹಾಗೆ ವಾಪಸು ಪಡೆದ ವ್ಯಾಪಾರಿಯನ್ನು ಆ ಊರಿನ ಶಾಲೆಗಳು ಮತ್ತೆ ಕರೆಯುವುದಿಲ್ಲ ಎಂಬುದು ಕಾಯ್ದೆಗೆ ಸಂಬಂಧಿಸಿದ ವಿಷಯವಲ್ಲ.

ತೆರಿಗೆಗೂ ಒಂದು ಸಾಲು ಬೇಕು. 2025ರ ಸೆಪ್ಟೆಂಬರ್ 22ರಂದು ಹಲವು ಸರಕುಗಳ ಜಿಎಸ್‌ಟಿ ದರ ಒಮ್ಮೆಲೇ ಬದಲಾಯಿತು. ‘ಎಲ್ಲ ಸೇರಿ ಇಷ್ಟು’ ಎಂದು ದರ ಕೊಟ್ಟ ಕಡೆ ಇಂಥ ಬದಲಾವಣೆಯ ಲಾಭವೋ ನಷ್ಟವೋ ಯಾರದು ಎಂಬ ಪ್ರಶ್ನೆ ಏಳುತ್ತದೆ. ಮೂಲ ಬೆಲೆ ಮತ್ತು ತೆರಿಗೆಯನ್ನು ಬೇರೆ ಬೇರೆ ತೋರಿಸಿ, ಬಿಲ್ಲಿನ ದಿನ ಇರುವ ದರದಂತೆ ಎಂದು ಬರೆದರೆ ಆ ಪ್ರಶ್ನೆ ಹುಟ್ಟುವುದಿಲ್ಲ.

ಮೂರನೆಯದು ಹಣ. ‘ಶೇ. 50 ಮುಂಗಡ, ಉಳಿದದ್ದು ಡೆಲಿವರಿಗೆ’ ಎಂಬುದು ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಕರಾರು, ಬಹಳ ಜಗಳ ತರುವ ಕರಾರೂ ಹೌದು. ಶೇ. 50 ಎಂದರೆ ಮೂಲ ಬೆಲೆಯ ಅರ್ಧವೋ, ಜಿಎಸ್‌ಟಿ ಸೇರಿದ ಮೊತ್ತದ ಅರ್ಧವೋ? ನಮ್ಮ ಡೆಸ್ಕಿನ ಲೆಕ್ಕದಲ್ಲಿ ಈ ಎರಡರ ನಡುವಿನ ಅಂತರವೇ ₹45,360. ಡೆಲಿವರಿಗೆ ಎಂದರೆ ಲಾರಿ ಹೊರಡುವ ಮುನ್ನವೋ, ಗೇಟಿಗೆ ಬಂದಾಗಲೋ, ಎಣಿಸಿ ಸಹಿ ಹಾಕಿದ ಮೇಲೋ, ಕಾರ್ಯದರ್ಶಿ ಚೆಕ್ಕಿಗೆ ಅಧ್ಯಕ್ಷರ ಸಹಿ ಹಾಕಿಸಿಕೊಂಡು ಬಂದ ಮೇಲೋ? ಶೇಕಡಾವಾರಿನ ಪಕ್ಕದಲ್ಲಿ ರೂಪಾಯಿ ಬರೆಯಬೇಕು, ಪ್ರತಿ ಕಂತನ್ನೂ ಕಣ್ಣಿಗೆ ಕಾಣುವ ಒಂದು ಘಟನೆಗೆ ಅಥವಾ ಕಾಗದಕ್ಕೆ ಕಟ್ಟಬೇಕು. ‘ಕೆಲಸ ತೃಪ್ತಿಕರವಾಗಿ ಮುಗಿದ ಮೇಲೆ’ ಎಂಬಂಥ ಮಾತಿಗೆ ತಾರೀಖು ಇರುವುದಿಲ್ಲ. ‘ಡೆಲಿವರಿ ಚಲನ್‌ಗೆ ಶಾಲೆಯವರು ಸಹಿ ಹಾಕಿದ ದಿನದಿಂದ 15 ದಿನದೊಳಗೆ’ ಎಂಬುದಕ್ಕೆ ಇರುತ್ತದೆ.

ಇಲ್ಲಿ ಸಣ್ಣ ಉತ್ಪಾದಕರ ಬೆನ್ನಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಇದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಪಡೆದವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಒಪ್ಪಂದವೂ ಮಾಲನ್ನು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಬರಹದಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ ಎಂದು ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇದರಲ್ಲಿ ಸ್ವಲ್ಪ ತಮಾಷೆಯೂ ಇದೆ: ಪತ್ರದಲ್ಲಿ ಏನೂ ಬರೆಯದೆ ಬಿಟ್ಟ ವ್ಯಾಪಾರಿಗೆ 15 ದಿನ, ಉದಾರವಾಗಿ ‘45 ದಿನ’ ಎಂದು ಬರೆದುಕೊಟ್ಟವನಿಗೆ 45 ದಿನ. ಮಾಲಿನಲ್ಲಿ ದೋಷವಿದೆ ಎಂದು ಗಿರಾಕಿ 15 ದಿನದೊಳಗೆ ಬರಹದಲ್ಲಿ ತಿಳಿಸಿದರೆ, ಆ ದೋಷ ಸರಿಪಡಿಸಿದ ದಿನದಿಂದ ಎಣಿಕೆ ಶುರುವಾಗುತ್ತದೆ. ಉದ್ಯಮ್ ಸಂಖ್ಯೆಯನ್ನು ಆರ್ಡರ್ ಬರುವ ಮುಂಚೆಯೇ ಪಡೆದು ಪತ್ರದ ತಲೆಬರಹದಲ್ಲೇ ಅಚ್ಚು ಹಾಕಿಸಿಕೊಳ್ಳುವುದು ಒಳ್ಳೆಯದು. ಮಾಲು ಕಳಿಸಿದ ಮೇಲೆ ನೋಂದಾಯಿಸಿಕೊಂಡು ಹಳೆಯ ಬಾಕಿಗೆ ಈ ಕಾಯ್ದೆಯ ರಕ್ಷಣೆ ಕೇಳಿದವರು ಕೋರ್ಟುಗಳಲ್ಲಿ ತೊಡಕಿಗೆ ಸಿಕ್ಕಿದ್ದಾರೆ.

ಇವಿಷ್ಟನ್ನೂ ಒಂದು ಪುಟಕ್ಕೆ ಇಳಿಸಿದರೆ ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಪತ್ರ ಹೀಗಿರಬಹುದು:

ಕೊಟೇಶನ್ ಸಂಖ್ಯೆ: 14. ದಿನಾಂಕ: 2-4-2026.

ವಿಷಯ: 120 ಡೆಸ್ಕುಗಳಿಗೆ ದರ ₹5,94,720 (ಜಿಎಸ್‌ಟಿ ಸೇರಿ), 18-4-2026ರವರೆಗೆ.

ಮಾನ್ಯ ಕಾರ್ಯದರ್ಶಿಗಳೇ,

ಮಾರ್ಚ್ 30ರಂದು ತಮ್ಮ ಶಾಲೆಯ ಕೊಠಡಿಗಳನ್ನು ಅಳತೆ ಮಾಡಿಕೊಂಡು ಹೋದ ಪ್ರಕಾರ, ಇಬ್ಬರು ಕೂರುವ 120 ಡೆಸ್ಕುಗಳನ್ನು ಈ ಪತ್ರದ ಮತ್ತು ಜೊತೆಗಿರುವ ಎರಡು ಪುಟದ ಪಟ್ಟಿಯ ಷರತ್ತಿನಂತೆ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಬೆಲೆ ₹5,04,000, ಜಿಎಸ್‌ಟಿ ಶೇ. 18ರಂತೆ ₹90,720. ಬಿಲ್ಲಿನ ದಿನಕ್ಕೆ ತೆರಿಗೆ ದರ ಬದಲಾಗಿದ್ದರೆ ಅಂದಿನ ದರವೇ ಅನ್ವಯ.

ಈ ಬೆಲೆಯಲ್ಲಿ ಸೇರಿರುವುದು: ಡೆಸ್ಕುಗಳ ತಯಾರಿಕೆ, ಪೌಡರ್ ಕೋಟಿಂಗ್, ಹಾವೇರಿಯವರೆಗೆ ಲಾರಿ ಬಾಡಿಗೆ, ಲಾರಿಯಿಂದ ಇಳಿಸಿ ನೆಲಮಹಡಿಯ ವರಾಂಡದಲ್ಲಿ ಇಡುವುದು. ಸೇರದೇ ಇರುವುದು: ಮಹಡಿಗೆ ಸಾಗಿಸುವುದು, ಹಳೆಯ ಬೆಂಚುಗಳನ್ನು ತೆಗೆಯುವುದು, ನೆಲಕ್ಕೆ ಬೋಲ್ಟ್ ಹಾಕುವುದು. ಇವು ಬೇಕಿದ್ದರೆ ಪ್ರತ್ಯೇಕ ದರ ಕೊಡುತ್ತೇವೆ.

ತಮ್ಮ ಲಿಖಿತ ಆರ್ಡರೂ ಮುಂಗಡವೂ ಎರಡೂ 18-4-2026ರ ಸಂಜೆ 5ರೊಳಗೆ ನಮ್ಮ ಕೈಸೇರಿದರೆ ಮಾತ್ರ ಈ ದರ. ಅವು ಸೇರಿದ ದಿನದಿಂದ 30 ದಿನದಲ್ಲಿ ಮಾಲು ಸಿದ್ಧವಾಗುತ್ತದೆ. ಸಿದ್ಧವಾಗಿದೆ ಎಂದು ತಿಳಿಸಿದ 7 ದಿನದೊಳಗೆ ತಾವು ಪರಿಶೀಲಿಸಿ ತರಿಸಿಕೊಳ್ಳಬೇಕು.

ಹಣ ಪಾವತಿ: ಆರ್ಡರ್ ಜೊತೆಗೆ ಶೇ. 40, ₹2,37,888. ನಮ್ಮ ವರ್ಕ್‌ಶಾಪಿನಲ್ಲಿ ತಾವು ಪರಿಶೀಲಿಸಿದ ಮೇಲೆ, ಲಾರಿಗೆ ಹೇರುವ ಮುನ್ನ ಶೇ. 50, ₹2,97,360. ಚಲನ್‌ಗೆ ಸಹಿಯಾದ 15 ದಿನದೊಳಗೆ ಶೇ. 10, ₹59,472.

ಒಪ್ಪಿಗೆಯಿದ್ದರೆ ಇದರ ಪ್ರತಿಯ ಮೇಲೆ ಸಹಿ, ಮೊಹರು ಹಾಕಿ ಕಳಿಸಬೇಕಾಗಿ ವಿನಂತಿ. ಬದಲಾವಣೆ ಬೇಕಿದ್ದರೆ ಪರಿಷ್ಕೃತ ಕೊಟೇಶನ್ ಕೊಡುತ್ತೇವೆ.

ಇದರಲ್ಲಿ ಅಲಂಕಾರವೇ ಇಲ್ಲ. ಮೊತ್ತವೂ ಕೊನೆಯ ದಿನವೂ ವಿಷಯದ ಸಾಲಿನಲ್ಲೇ ಕಾಣುತ್ತವೆ, ಏಕೆಂದರೆ ಆಡಳಿತ ಮಂಡಳಿಯ ಸಭೆಯಲ್ಲಿ ಗಟ್ಟಿಯಾಗಿ ಓದುವುದು ಆ ಸಾಲನ್ನೇ. ‘ಮಾಡಿಕೊಡಲು ನಾವು ಸಿದ್ಧರಿದ್ದೇವೆ’ ಎಂಬ ಮಾತು ಮೊರ್ವೆನ್ ಲಾಡ್ಜಿನ ತಂತಿಯಲ್ಲಿ ಇಲ್ಲದೇ ಹೋದದ್ದು. ಈ ಪತ್ರ ಕೇಳಿದಂತೆ ಶಾಲೆಯ ಆರ್ಡರೂ ಮುಂಗಡವೂ ಗಡುವಿನೊಳಗೆ ಕೈಸೇರಿದ ಕೂಡಲೇ ಕರಾರು ಹುಟ್ಟುತ್ತದೆ. ವ್ಯಾಪಾರಿಗೆ ಅದು ಬೇಡ, ಕಬ್ಬಿಣ ಸಿಗುವುದು ಖಾತ್ರಿಯಾಗುವವರೆಗೆ ಕಟ್ಟುಬೀಳುವುದು ಇಷ್ಟವಿಲ್ಲ ಎಂದಾದರೆ, ‘ಇದು ಅಂದಾಜು ದರ, ನಾವು ಲಿಖಿತವಾಗಿ ಖಚಿತಪಡಿಸಿದ ಮೇಲಷ್ಟೇ ಆರ್ಡರ್ ಅಂತಿಮ’ ಎಂದು ನೇರವಾಗಿ ಬರೆಯಬೇಕು. ಎರಡರ ನಡುವೆ ತೂಗಾಡುವ ಪತ್ರ ಇಬ್ಬರಿಗೂ ಬೇಡ.

ಪತ್ರದಲ್ಲೊಂದು ಮಾತು, ಪಟ್ಟಿಯಲ್ಲಿ ಇನ್ನೊಂದು ಮಾತು ಬರುವುದು ಸಾಮಾನ್ಯ ಎಡವಟ್ಟು. ಪಟ್ಟಿಯನ್ನು ಕಳೆದ ವರ್ಷದ ಕಡತದಿಂದ ನಕಲು ಮಾಡಿರುತ್ತಾರೆ, ಅದರ ಕೆಳಗೆ ‘ದರ 30 ದಿನ ಚಾಲ್ತಿ, ಶೇ. 50 ಮುಂಗಡ’ ಎಂಬ ಹಳೆಯ ಸಾಲು ಹಾಗೇ ಉಳಿದಿರುತ್ತದೆ. ಗಿರಾಕಿ ತನಗೆ ಅನುಕೂಲವಾದದ್ದನ್ನು ಹಿಡಿದುಕೊಳ್ಳುತ್ತಾನೆ. ಅವಧಿ ಮತ್ತು ಪಾವತಿ ಪತ್ರದಲ್ಲಿ ಮಾತ್ರ ಇರಲಿ, ಪಟ್ಟಿಯಿಂದ ತೆಗೆದುಬಿಡಲಿ. ಮೂರು ಪುಟವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ, ಪ್ರತಿ ಪುಟದಲ್ಲೂ ಕೊಟೇಶನ್ ಸಂಖ್ಯೆ ಹಾಕಿದರೆ ಪಟ್ಟಿಯೊಂದೇ ಪತ್ರವಿಲ್ಲದೆ ಊರೂರು ಸುತ್ತುವುದು ತಪ್ಪುತ್ತದೆ.

ನಿಜವಾದ ಪರೀಕ್ಷೆ ಶಾಲೆಯ ಉತ್ತರ ಬಂದಾಗ. ಏಪ್ರಿಲ್ 12ರಂದು ಕಾರ್ಯದರ್ಶಿಗಳ ಆರ್ಡರ್ ಬರುತ್ತದೆ ಎಂದುಕೊಳ್ಳೋಣ: ‘ನಿಮ್ಮ ದರ ಒಪ್ಪಿದ್ದೇವೆ. ಮುಂಗಡ ಶೇ. 25. ಉಳಿದ ಹಣ ಸರಬರಾಜಾದ 45 ದಿನಕ್ಕೆ.’ ಓದುವುದಕ್ಕೆ ಒಪ್ಪಿಗೆಯಂತಿದೆ, ಆದರೆ ಒಪ್ಪಿಗೆಯಲ್ಲ. ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು ಎನ್ನುತ್ತದೆ ಕರಾರು ಕಾಯ್ದೆಯ 7ನೇ ಸೆಕ್ಷನ್. ಇಂಗ್ಲೆಂಡಿನಲ್ಲಿ 1840ರಷ್ಟು ಹಿಂದೆಯೇ ಇದು ತೀರ್ಮಾನವಾಗಿತ್ತು. ರೆಂಚ್ ಎಂಬವರು ತಮ್ಮ ಜಮೀನನ್ನು 1,000 ಪೌಂಡಿಗೆ ಕೊಡುತ್ತೇನೆಂದರು. ಹೈಡ್ ಎಂಬವರು 950ಕ್ಕೆ ಕೇಳಿದರು, ರೆಂಚ್ ಒಲ್ಲೆ ಎಂದರು. ಆಗ ಹೈಡ್, ಹಾಗಾದರೆ ಸಾವಿರಕ್ಕೇ ಆಗಲಿ ಎಂದರು. ಆಗಲಿಲ್ಲ. 950ರ ಮಾತು ಬಾಯಿಂದ ಬಿದ್ದಾಗಲೇ ಸಾವಿರದ ಪ್ರಸ್ತಾವ ಸತ್ತಿತ್ತು.

ಅಂದರೆ ಶೇ. 25ರ ಈ ಕಾಗದ ಶಾಲೆಯ ಹೊಸ ಪ್ರಸ್ತಾವ. ಈಗ ಚೆಂಡು ವರ್ಕ್‌ಶಾಪಿನ ಅಂಗಳದಲ್ಲಿದೆ. ಬಹಳ ಕಡೆ ನಡೆಯುವುದೇನೆಂದರೆ, ಮಾಲೀಕರು ಬೆಲೆ ಒಪ್ಪಿದ್ದಾರೆ ಎಂಬ ಖುಷಿಯಲ್ಲಿ ಉಳಿದದ್ದನ್ನು ಓದದೆ, ಬಂದ ಮುಂಗಡವನ್ನು ಖಾತೆಗೆ ಹಾಕಿಕೊಂಡು ಪೈಪು ಕತ್ತರಿಸಲು ಶುರುಮಾಡುತ್ತಾರೆ. ಪ್ರಸ್ತಾವದ ಷರತ್ತಿನಂತೆ ಕೆಲಸ ಮಾಡುವುದೂ, ಅದರ ಜೊತೆ ಬಂದ ಹಣ ಪಡೆಯುವುದೂ ಒಪ್ಪಿಗೆಯೇ ಎನ್ನುತ್ತದೆ 8ನೇ ಸೆಕ್ಷನ್. 45 ದಿನದ ಷರತ್ತಿಗೆ ಅವರು ಸಹಿಯಿಲ್ಲದೆಯೇ ಸಹಿ ಹಾಕಿದಂತಾಯಿತು. ಆಮೇಲೆ 14ನೇ ಸಂಖ್ಯೆಯ ಕೊಟೇಶನ್ ತೆಗೆದು ತೋರಿಸಿದರೆ ಶಾಲೆಯ ಆಡಿಟರ್ ತಮ್ಮ ಆರ್ಡರನ್ನು ತೆಗೆದು ತೋರಿಸುತ್ತಾರೆ.

ಹಾಗಾಗದಿರಲು ಪೈಪು ಕತ್ತರಿಸುವ ಮೊದಲು ಒಂದು ಸಣ್ಣ ಉತ್ತರ ಹೋಗಬೇಕು. ವರ್ಕ್‌ಶಾಪಿನವರು ಮುಂಗಡದಲ್ಲಿ ಸ್ವಲ್ಪ ಸಡಿಲ ಬಿಟ್ಟು, ಹೇರುವ ಮುನ್ನ ಬರಬೇಕಾದ ಹಣವನ್ನು ಬಿಗಿ ಹಿಡಿಯಬಹುದು, ಅವರಿಗೆ ಕಬ್ಬಿಣ ಕೊಳ್ಳಲು ಎಷ್ಟು ಬೇಕೋ ಅಷ್ಟನ್ನು ನೋಡಿಕೊಂಡು. ‘ಕೊಟೇಶನ್ 14-ಎ, ದಿನಾಂಕ 13-4-2026. ಇದು 14ನೇ ಸಂಖ್ಯೆಯ ಕೊಟೇಶನ್ನಿಗೂ ತಮ್ಮ 12-4-2026ರ ಆರ್ಡರಿಗೂ ಬದಲಾಗಿ. ಮುಂಗಡ ಶೇ. 30, ₹1,78,416. ಹೇರುವ ಮುನ್ನ ಶೇ. 60, ₹3,56,832. ಕೊನೆಯ ಶೇ. 10, ₹59,472, ಚಲನ್ ಸಹಿಯಾದ 15 ದಿನದೊಳಗೆ. ದರದ ಅವಧಿ 20-4-2026ರ ಸಂಜೆ 5ರವರೆಗೆ. ಉಳಿದೆಲ್ಲ ಹಿಂದಿನಂತೆ.’ ಅಷ್ಟರಲ್ಲಿ ಶೇ. 25ರ ಹಣ ಖಾತೆಗೆ ಬಂದುಬಿಟ್ಟಿದ್ದರೆ, ಆ ₹1,48,680ನ್ನು 14-ಎ ಒಪ್ಪಿಗೆಯಾಗುವವರೆಗೆ ಠೇವಣಿಯಾಗಿ ಮಾತ್ರ ಇಟ್ಟುಕೊಂಡಿದ್ದೇವೆ, ಒಪ್ಪದಿದ್ದರೆ ಹಿಂದಿರುಗಿಸುತ್ತೇವೆ ಎಂಬ ಸಾಲನ್ನೂ ಅದೇ ಪತ್ರದಲ್ಲಿ ಸೇರಿಸಬೇಕು. ಶಾಲೆ ಒಪ್ಪಿದರೆ ಕಳಿಸಬೇಕಾದದ್ದು ಇನ್ನು ₹29,736 ಮತ್ತು ಸಹಿ ಹಾಕಿದ 14-ಎ ಪ್ರತಿ.